ಯಾರಿಂದ ಗುಪ್ತ?

“ನನ್ನ ಐದು ವರ್ಷದ ಕಾರ್ಯನಿರ್ವಹಣಾ ವರದಿಗಳ ನಕಲು, ವಿಚಾರಣಾ ವರದಿಯ ನಕಲು ದಯಪಾಲಿಸಬೇಕು” ಎಂದು ಸುರಪುರದ ಸರ್ಕಾರಿ ನೌಕರನೊಬ್ಬ ಅರ್ಜಿ ಕೊಟ್ಟರೆ ಸಾಹೇಬರ ಹುಬ್ಬು ಗಂಟಿಕ್ಕುತ್ತದೆ. ಅದು ಗುಪ್ತ ಕಾಗದವಂತೆ! ಯಾರಿಂದ ಗುಪ್ತವೆಂದು ನಾವು ಕೇಳುತ್ತೇವೆ. ಬಡ್ತಿ ತಪ್ಪಿದವನಿಂದಲೇ?

ಗಡಿರಸ್ತೆಯ ಎಂಜಿನಿಯರ್ ದೇವದತ್ತರ ಸಂಗತಿ ನೋಡಿರಿ. 1993-94ರ ವರದಿಯಲ್ಲಿ ಅವರಿಗೆ ‘ಉತ್ತಮ’ ಎಂದು ಷರಾ ಬಿತ್ತು. ಹೊಗಳಿಕೆಯೇ ಸರಿ, ಆದರೆ ಬಡ್ತಿಗೆ ಐದೂ ವರ್ಷ ‘ಬಹಳ ಉತ್ತಮ’ ಬೇಕಿತ್ತು. ಆ ಒಂದು ಶಬ್ದ ಬಡ್ತಿಯನ್ನೇ ನುಂಗಿತು, ಅವರಿಗೆ ತಿಳಿಸಿರಲೂ ಇಲ್ಲ. ಸೈನ್ಯದ ಹೊರತು ಎಲ್ಲ ಸರ್ಕಾರಿ ನೌಕರರಿಗೂ ಪ್ರತಿಯೊಂದು ಷರಾ ತಿಳಿಸಿ ಆಕ್ಷೇಪಣೆಗೆ ಅವಕಾಶ ಕೊಡಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಅಷ್ಟರಲ್ಲಿ ದೇವದತ್ತರು ನಿವೃತ್ತರಾಗಿದ್ದರು.

ವಿಚಾರಣೆಯ ಮಾತು ಬೇರೆ. ವಿಚಾರಣೆ ಮಾಡಿದವನೊಬ್ಬ, ಶಿಕ್ಷಿಸುವವನೊಬ್ಬ ಇದ್ದಲ್ಲಿ, ತಪ್ಪು ಸಾಬೀತೆಂದು ತೀರ್ಮಾನಿಸುವ ಮೊದಲೇ ವರದಿಯ ನಕಲು ಕೈಗೆ ಬರಬೇಕು. ಇದು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯ ಕರುಣಾಕರ ಮೊಕದ್ದಮೆಯಲ್ಲಿ 1993ರ ತೀರ್ಪು. ಅದರಲ್ಲೊಂದು ಮುಳ್ಳೂ ಉಂಟು. ನಕಲು ಕೊಡಲಿಲ್ಲವೆಂದ ಮಾತ್ರಕ್ಕೆ ವಜಾ ರದ್ದಾಗದು; ಅದರಿಂದ ತನ್ನ ವಾದಕ್ಕೆ ಏನು ಧಕ್ಕೆಯಾಯಿತೆಂದು ನೌಕರನೇ ತೋರಿಸಬೇಕು.

ಆದುದರಿಂದ “ಎಲ್ಲ ಕಾಗದ ಕೊಡಿರಿ” ಎಂದು ಬರೆದರೆ ಸಾಲದು. ಯಾವ ತಾರೀಖಿನ ಯಾವ ಕಾಗದ, ಯಾವ ಆರೋಪಕ್ಕೆ ಉತ್ತರ ಕೊಡಲು ಬೇಕು ಎಂದು ಬಿಡಿಸಿ ಬರೆಯಿರಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿರಿ. ಗುಮಾಸ್ತ ಒಲ್ಲೆನೆಂದರೆ ಟಪಾಲಿಗೆ ಹಾಕಿ ರಸೀದಿ ಇಟ್ಟುಕೊಳ್ಳಿರಿ.