ದೂರದ ಮೇಲೂ ತೆರಿಗೆ ಹಾಕುತ್ತಾರೆ, ಗೊತ್ತೇ?

ಮಂಗಳೂರಿನಲ್ಲಿ ಪೆಟ್ರೋಲ್ ಹಾಕಿಸುವವರಿಗಿಂತ ಬಳ್ಳಾರಿಯಲ್ಲಿ ಹಾಕಿಸುವವರು ಲೀಟರಿಗೆ ಒಂದು ರೂಪಾಯಿಗೂ ಹೆಚ್ಚು ಕೊಡುತ್ತಾರೆ. ಒಂದೇ ರಾಜ್ಯ, ಒಂದೇ ಸರ್ಕಾರ, ತೆರಿಗೆ ದರವೂ ಒಂದೇ. ಯಾಕೆ ಹೀಗೆ ಎಂದು ಬಂಕ್‌ನಲ್ಲಿ ಕೇಳಿದರೆ 'ಸಾಗಾಣಿಕೆ ಖರ್ಚು' ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಲೆಕ್ಕವೂ ಅಲ್ಲ.

ಮಂಗಳೂರಿನಲ್ಲಿ ಎಂಆರ್‌ಪಿಎಲ್ ಸಂಸ್ಕರಣಾಗಾರವಿದೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿನ ಹತ್ತಿರದವರೆಗೆ ಪೈಪ್‌ಲೈನ್ ಇದೆ. ಪೈಪಿನಲ್ಲಿ ಬರುವ ಎಣ್ಣೆಗೆ ಖರ್ಚು ಕಡಿಮೆ, ಡಿಪೋದಿಂದ ಟ್ಯಾಂಕರ್ ಲಾರಿಯಲ್ಲಿ ಬರುವುದಕ್ಕೆ ಹೆಚ್ಚು. ಡಿಪೋದಿಂದ ದೂರ ಹೋದಷ್ಟೂ ಬಾಡಿಗೆ ಏರುತ್ತದೆ, ಅದು ಬಂಕ್ ಬೆಲೆಗೆ ಸೇರುತ್ತದೆ. ಇಲ್ಲಿಯವರೆಗೆ ನಮ್ಮ ತಕರಾರಿಲ್ಲ. ಲಾರಿ ಪುಕ್ಕಟೆ ಓಡುವುದಿಲ್ಲ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಕರ್ನಾಟಕ ಸರ್ಕಾರ ತನ್ನ ಮಾರಾಟ ತೆರಿಗೆಯನ್ನು ಲೀಟರಿಗೆ ಇಷ್ಟು ರೂಪಾಯಿ ಎಂದು ಹಾಕುವುದಿಲ್ಲ, ಶೇಕಡಾ ಲೆಕ್ಕದಲ್ಲಿ ಹಾಕುತ್ತದೆ. 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದರು. ಆಗ ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ 91 ರೂಪಾಯಿ 2 ಪೈಸೆ ಆಯಿತು. ಅದನ್ನು ಬಿಡಿಸಿ ನೋಡಿ. ರಾಜ್ಯದ ತೆರಿಗೆ ಸೇರುವ ಮೊದಲು ಅದರ ಬೆಲೆ ಸುಮಾರು 75 ರೂಪಾಯಿ 12 ಪೈಸೆ. ಅದರ ಮೇಲೆ ಶೇ 21.17 ಅಂದರೆ 15 ರೂಪಾಯಿ 90 ಪೈಸೆ.

ಆ 75 ರೂಪಾಯಿಯೊಳಗೆ ಏನೇನಿದೆ? ಎಣ್ಣೆಯ ಬೆಲೆ, ಸಾಗಾಣಿಕೆ, ಬಂಕ್ ಮಾಲೀಕರ ಕಮಿಷನ್, ಜೊತೆಗೆ ಆಗ ಕೇಂದ್ರ ಸರ್ಕಾರ ಹಾಕುತ್ತಿದ್ದ 15 ರೂಪಾಯಿ 80 ಪೈಸೆ ಅಬಕಾರಿ ಸುಂಕ. ಶೇಕಡಾ ಲೆಕ್ಕ ಇವೆಲ್ಲದರ ಮೇಲೂ ಬೀಳುತ್ತದೆ. ಕೇಂದ್ರದ ಸುಂಕದ ಮೇಲೆ ರಾಜ್ಯ ತೆಗೆದುಕೊಂಡದ್ದೇ ಲೀಟರಿಗೆ 3 ರೂಪಾಯಿ 34 ಪೈಸೆ. ತೆರಿಗೆಯ ಮೇಲೆ ತೆರಿಗೆ! ಹಾಗೆಯೇ ಲಾರಿ ಬಾಡಿಗೆ ಒಂದು ರೂಪಾಯಿ ಹೆಚ್ಚಾದರೆ ಡೀಸೆಲ್ ಬೆಲೆ 1 ರೂಪಾಯಿ 21 ಪೈಸೆ ಏರುತ್ತದೆ. ಪೆಟ್ರೋಲಿಗೆ 2024ರ ಜೂನ್‌ನಿಂದ ಶೇ 29.84 ಇದೆ, ಅಲ್ಲಿ ಒಂದು ರೂಪಾಯಿ ಬಾಡಿಗೆ 1 ರೂಪಾಯಿ 30 ಪೈಸೆಯಾಗುತ್ತದೆ. ಬಂಕ್‌ನವರು 'ಸಾಗಾಣಿಕೆ' ಎಂದು ತೋರಿಸುವ ವ್ಯತ್ಯಾಸದಲ್ಲಿ ಲಾರಿಗೆ ಹೋಗದೆ ಖಜಾನೆಗೆ ಹೋಗುವ ಪಾಲು ಇದು. ಡಿಪೋದಿಂದ ದೂರ ಇರುವುದೇ ತಪ್ಪು ಎಂಬಂತೆ ದಂಡ ಕಟ್ಟುತ್ತಿದ್ದೇವೆ.

ಈ ಬಗ್ಗೆ ಕೇಳಿದಾಗೆಲ್ಲ ವಿಧಾನಸೌಧದಿಂದ ಬರುವ ಉತ್ತರ, 'ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಕಡಿಮೆ.' ಆಂಧ್ರದ ಮಟ್ಟಿಗೆ ನಿಜವೇ. ಅಲ್ಲಿ ಶೇಕಡಾ ತೆರಿಗೆಯ ಮೇಲೆ ಲೀಟರಿಗೆ 4 ರೂಪಾಯಿ ಬೇರೆ ಹಾಕುತ್ತಾರೆ, ಅದಕ್ಕೇ ಆ ಕಡೆಯ ಗಾಡಿಗಳು ಗಡಿ ದಾಟಿ ನಮ್ಮ ಬಂಕ್‌ಗಳಲ್ಲಿ ನಿಲ್ಲುತ್ತವೆ. ಆದರೆ ಗಂಟೆಗೆ ನಾಲ್ಕೈದು ಲೀಟರ್ ಕುಡಿಯುವ ಟ್ರ್ಯಾಕ್ಟರ್ ಹೊಡೆಯುವ ರೈತನಿಗೆ ಪಕ್ಕದ ಮನೆಯವನ ಸಾಲ ತೋರಿಸಿ ಏನು ಪ್ರಯೋಜನ?

ದೆಹಲಿಯವರೂ ಸಾಚಾ ಅಲ್ಲ. ಆ 15 ರೂಪಾಯಿ 80 ಪೈಸೆಯಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1 ರೂಪಾಯಿ 80 ಪೈಸೆ. ಉಳಿದ 14 ರೂಪಾಯಿ ಸೆಸ್, ವಿಶೇಷ ಸುಂಕ ಎಂಬ ಹೆಸರಿನಲ್ಲಿ ಕೇಂದ್ರದಲ್ಲೇ ಉಳಿಯುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಮೇಲೆ ರಾಜ್ಯಗಳ ಕೈಯಲ್ಲಿ ದೊಡ್ಡದಾಗಿ ಉಳಿದದ್ದು ಎಣ್ಣೆ ಮತ್ತು ಹೆಂಡ. (ಎರಡಕ್ಕೂ ನಮ್ಮ ಕಡೆ 'ಎಣ್ಣೆ' ಅಂತಲೇ ಹೆಸರು, ಇರಲಿ.) ಹಾಗಾಗಿ ರಾಜ್ಯಕ್ಕೆ ದುಡ್ಡು ಬೇಕು ಅನ್ನುವುದನ್ನು ನಾವು ಒಪ್ಪುತ್ತೇವೆ. ವಸೂಲಿಯ ರೀತಿಯನ್ನು ಒಪ್ಪುವುದಿಲ್ಲ.

ಶೇಕಡಾ ಬಿಟ್ಟು ಲೀಟರಿಗೆ ಇಷ್ಟು ರೂಪಾಯಿ ಎಂದು ನಿಗದಿ ಮಾಡಲಿ. ಈಗ ರಾಜ್ಯದಾದ್ಯಂತ ಸರಾಸರಿ ಎಷ್ಟು ಸಿಗುತ್ತಿದೆಯೋ ಅಷ್ಟನ್ನೇ ಇಟ್ಟರೂ ಖಜಾನೆಗೆ ನಷ್ಟವಿಲ್ಲ, ದೂರದ ಊರಿನವರು ಬಾಡಿಗೆಯ ಮೇಲೆ ತೆರಿಗೆ ಕಟ್ಟುವುದು ತಪ್ಪುತ್ತದೆ. ಕಚ್ಚಾ ತೈಲ ಅಗ್ಗವಾದಾಗ ಈ ತೆರಿಗೆ ತಾನಾಗಿ ಇಳಿಯುವುದಿಲ್ಲ, ಹೌದು. ಆದರೆ ತುಟ್ಟಿಯಾದಾಗ ಸದ್ದಿಲ್ಲದೆ ಏರುವುದೂ ಇಲ್ಲ. ಏರಿಸಬೇಕೆಂದರೆ ಮಂತ್ರಿಗಳು ಎಲ್ಲರೆದುರು ಹೇಳಿಯೇ ಏರಿಸಬೇಕು.

ಬಾಡಿಗೆಯ ವ್ಯತ್ಯಾಸವನ್ನೂ ಕಡಿಮೆ ಮಾಡಬಹುದು. 2024ರ ಅಕ್ಟೋಬರ್ ಕೊನೆಯಲ್ಲಿ ತೈಲ ಕಂಪನಿಗಳೇ ರಾಜ್ಯದೊಳಗಿನ ಸಾಗಾಣಿಕೆ ದರ ಸರಿಪಡಿಸಿದಾಗ ಒಡಿಶಾದ ಮಲ್ಕಾನ್‌ಗಿರಿ ಕಡೆಯ ಕೆಲವು ಊರುಗಳಲ್ಲಿ ಪೆಟ್ರೋಲ್ 4 ರೂಪಾಯಿಗೂ ಹೆಚ್ಚು ಇಳಿಯಿತು.

ಇಂಡಿಯನ್ ಆಯಿಲ್ ಬಂಕ್ ಆದರೆ ಮೊಬೈಲ್‌ನಲ್ಲಿ RSP ಎಂದು ಬರೆದು, ಜಾಗ ಬಿಟ್ಟು, ಆ ಬಂಕ್‌ನ ಡೀಲರ್ ಕೋಡ್ ಹಾಕಿ 9224992249ಕ್ಕೆ ಎಸ್‌ಎಂಎಸ್ ಕಳಿಸಿದರೆ ಅಲ್ಲಿನ ಬೆಲೆ ಬರುತ್ತದೆ. ಪಕ್ಕದ ತಾಲ್ಲೂಕಿನ ಬಂಕ್‌ನದ್ದೂ ತರಿಸಿ ಹೋಲಿಸಿ. ಆದರೆ ಬರುವುದು ಬೆಲೆ ಮಾತ್ರ. ಎಣ್ಣೆಗೆಷ್ಟು, ಬಾಡಿಗೆಗೆಷ್ಟು, ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಎಂಬ ನಾಲ್ಕು ಸಾಲು ಬಂಕ್ ಬಿಲ್ಲಿನಲ್ಲೇ ಅಚ್ಚಾಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯ ಮಾಡಿ ನಿಮ್ಮ ಶಾಸಕರಿಗೂ ಸಂಸದರಿಗೂ ಕಳಿಸಿ, ಪ್ರತಿಯನ್ನು ನಮಗೂ ಕೊಡಿ. ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ ಎಂದು ಇಲ್ಲೇ ಬರೆಯುತ್ತೇವೆ.