ಕಡಲಿನಿಂದ ಗುಡ್ಡದವರೆಗೆ ಒಂದು ನಾಳಿನ ನಗರ

ವಾಸ್ಕೋ ನಗರವನ್ನು ಹಲಸಿನ ಹಣ್ಣಿನಂತೆ ನಡುವೆ ಸೀಳಿ ನೋಡಿದರೆ ಅದರ ತೊಳೆಗಳೆಲ್ಲ ಕಾಣುತ್ತವೆ. ಎಲ್ಲಕ್ಕಿಂತ ಕೆಳಗೆ ಬೈನಾದ ಮರಳು, ಅದರ ಅಂಚಿಗೆ ಒತ್ತೊತ್ತಾಗಿ ನಿಂತ ಮನೆಗಳು. ಅವುಗಳ ಸನಿಹದಲ್ಲಿಯೇ ಬಂದರಿನ ವಾಹನಗಳಿಗಾಗಿ ಕಂಬಗಳ ಮೇಲೆ ಎತ್ತಿದ ರಸ್ತೆ. ಆಮೇಲೆ ಪೇಟೆ, ರೈಲು ನಿಲ್ದಾಣ, ಮಾಂಗೋರ್ ಗುಡ್ಡದ ಮನೆಗಳು. ಇವೆಲ್ಲದರ ಮೇಲೆ ಚಿರೆಕಲ್ಲಿನ ಬಯಲು. ಅಲ್ಲಿ ದಾಬೋಳಿಯ ವಿಮಾನ ನಿಲ್ದಾಣ ಮತ್ತು ನೌಕಾಪಡೆಯ ನೆಲೆ. ಮರಳಿನ ಮೇಲೆ ನಿಂತವನು ತಲೆಯೆತ್ತಿದರೆ ಮೊದಲು ರಸ್ತೆಯ ಅಡಿಭಾಗವನ್ನೂ, ಆಮೇಲೆ ವಿಮಾನದ ಹೊಟ್ಟೆಯನ್ನೂ ಕಾಣುತ್ತಾನೆ. ಸೈಬರ್‌ಪಂಕ್ ಎಂಬ ಕಥಾಪ್ರಕಾರದ ನಗರವನ್ನು ಕಲ್ಪಿಸಲು ಬಯಸುವ ಗೋವೆಯ ಕನ್ನಡ ಶಾಲೆಯ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇರೆಡೆ ದೊರೆಯುವುದು ಕಷ್ಟ.

ಸೈಬರ್‌ಪಂಕ್ ಎಂಬುದು 1980ರ ದಶಕದಲ್ಲಿ ರೂಪುಗೊಂಡ ವಿಜ್ಞಾನ ಕಥೆಯ ಒಂದು ಕವಲು. 1982ರಲ್ಲಿ ಬಂದ ಬ್ಲೇಡ್ ರನ್ನರ್ ಚಲನಚಿತ್ರ ಮತ್ತು 1984ರಲ್ಲಿ ವಿಲಿಯಂ ಗಿಬ್ಸನ್ ಬರೆದ ನ್ಯೂರೊಮ್ಯಾನ್ಸರ್ ಕಾದಂಬರಿ ಅದಕ್ಕೆ ಮುಖಚರ್ಯೆಯನ್ನು ಕೊಟ್ಟವು. ಯಂತ್ರಜ್ಞಾನ ಬಹಳ ಮುಂದುವರಿದಿದೆ, ಆದರೆ ಬಡವರ ಬದುಕು ಮಾತ್ರ ಮುಂದುವರಿದಿಲ್ಲ ಎಂಬುದು ಅದರ ಮೂಲ ಸನ್ನಿವೇಶ. ಇದನ್ನು ಅನುಕರಿಸುವವರು ಸಾಮಾನ್ಯವಾಗಿ ಬಣ್ಣದ ದೀಪಗಳನ್ನೂ ಬಿಡದೆ ಸುರಿಯುವ ಮಳೆಯನ್ನೂ ಎರವಲು ತರುತ್ತಾರೆ. ಸಿರಿವಂತರನ್ನು ಗೋಪುರದ ತುದಿಯಲ್ಲಿಯೂ ಬಡವರನ್ನು ಬುಡದಲ್ಲಿಯೂ ಕೂರಿಸಿ ನಗರ ಮುಗಿಯಿತೆನ್ನುತ್ತಾರೆ. ಮಳೆಗೆ ಗೋವೆಯವರು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಗೋಪುರದ ವಿಷಯ ಮಾತ್ರ ಹಾಗಲ್ಲ. ಎತ್ತರವೊಂದರಿಂದಲೇ ವರ್ಗಭೇದ ಹುಟ್ಟುವುದಿಲ್ಲ. ಯಾರು ಏತಕ್ಕಾಗಿ ಆ ಸ್ಥಳಕ್ಕೆ ಬಂದರು ಎಂಬ ಕಾರಣ ಬೇಕು.

ವಾಸ್ಕೋದ ಕಾರಣ ರೈಲು ಮತ್ತು ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುರಗಾವ್ ಬಂದರಿನಿಂದ ಕ್ಯಾಸಲ್‌ರಾಕ್ ಮೂಲಕ ಹುಬ್ಬಳ್ಳಿಯ ಕಡೆಗೆ ಹಳಿಗಳು ಘಟ್ಟವನ್ನು ಹತ್ತಿದವು. ಗೋವೆ ಸ್ವತಂತ್ರವಾದ ಮೇಲೆ ಬಂದರು ಬೆಳೆಯಿತು, ಅದಿರು ಹಡಗೇರಿತು, ಗುಡ್ಡದ ಮೇಲೆ ರಸಗೊಬ್ಬರದ ಕಾರ್ಖಾನೆ ಬಂದಿತು, ಎಲ್ಲೆಡೆ ಕಟ್ಟಡಗಳು ಎದ್ದವು. ಈ ಕೆಲಸಗಳಿಗೆ ಬಯಲುಸೀಮೆಯಿಂದ ಜನರು ಇಳಿದುಬಂದರು. ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಬೇರೆ ಯಾರೂ ಬೇಡವೆಂದು ಬಿಟ್ಟ ನೆಲದಲ್ಲಿ ಗುಡಿಸಲು ಹಾಕಿದರು. ಘಟ್ಟದ ಮೇಲಿನವರು ನಗರದ ತೀರ ಕೆಳಗೆ ನೆಲೆಸಿದರು. ಕಲ್ಪನೆಯ ನಗರದಲ್ಲಿ ಈ ತಿರುವುಮುರುವನ್ನು ಉಳಿಸಿಕೊಂಡರೆ ಅದು ಸಿದ್ಧ ಅಚ್ಚಿನಿಂದ ತೆಗೆದ ನಗರವಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಒಂದು ಹಾಳೆಯ ಮೇಲೆ ನಗರದ ಸೀಳುನೋಟವನ್ನು ಬರೆಯುವುದು. ಕಡಲಿನಿಂದ ವಿಮಾನ ನಿಲ್ದಾಣದವರೆಗೆ ಒಂದೇ ಗೆರೆ. ಅದರ ಮೇಲೆ ನಾಲ್ಕು ಪದರಗಳು. ಎರಡನೆಯದು, ಪದರಗಳ ನಡುವೆ ಬಾಣಗಳನ್ನು ಎಳೆಯುವುದು. ನೀರು ಎಲ್ಲಿಂದ ಬರುತ್ತದೆ? ಈಗಿನ ವಾಸ್ಕೋದ ನೀರು ದೂರದ ಸಾಂಗೆಯ ಸಾಳಾವಳಿ ಅಣೆಕಟ್ಟಿನಿಂದ ಕೊಳವೆಗಳಲ್ಲಿ ಬರುತ್ತದೆ. 2090ರ ನಗರದಲ್ಲಿ ಆ ಕೊಳವೆಯ ತಿರುಪು ಯಾರ ಕೈಯಲ್ಲಿದೆ ಎಂಬುದನ್ನು ಬರಹಗಾರನು ನಿರ್ಧರಿಸಬೇಕು. ಕೊಳಚೆ ಎಲ್ಲಿಗೆ ಇಳಿಯುತ್ತದೆ? ಬೆಳಗಿನ ಜಾವ ಮೇಲಿನ ಪದರದ ಅಡುಗೆಮನೆಗೆ ಯಾರು ಏರಿ ಹೋಗುತ್ತಾರೆ, ರಾತ್ರಿ ಎಷ್ಟು ಹೊತ್ತಿನೊಳಗೆ ಇಳಿಯಬೇಕು? ಕೆಳಗಿನ ಪದರದಿಂದ ಮೇಲಕ್ಕೆ ಒಂದು ಬಾಣವೂ ಹೋಗದಿದ್ದರೆ ಆ ನಗರ ಸುಳ್ಳು. ಕೆಳಗಿನವರು ಕೆಲಸ ನಿಲ್ಲಿಸಿದ ಮೂರನೆಯ ದಿನ ಮೇಲೆ ಏನು ಕೆಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದರೆ ಕಥೆಯ ಅರ್ಧ ಭಾಗ ಸಿಕ್ಕಿದಂತೆ.

ಮೂರನೆಯ ಕೆಲಸ ಕಣ್ಗಾವಲು. ಇಲ್ಲಿ ಅನೇಕರು ಎಡವುತ್ತಾರೆ. ಕ್ಯಾಮೆರಾ ಎಲ್ಲವನ್ನೂ ಕಾಣುತ್ತದೆ ಎಂದು ಬರೆದುಬಿಟ್ಟರೆ ಅದು ದೇವರಾಯಿತೇ ಹೊರತು ಯಂತ್ರವಾಗಲಿಲ್ಲ. ಕ್ಯಾಮೆರಾ ಅಳವಡಿಸುವವರು ಅನುಸರಿಸುತ್ತ ಬಂದ 2015ರ ಯುರೋಪಿನ ಮಾನದಂಡವೊಂದಿದೆ. ಅದರ ಪ್ರಕಾರ, ಅಪರಿಚಿತನೊಬ್ಬನ ಮುಖವನ್ನು ಸಂಶಯವಿಲ್ಲದೆ ಗುರುತಿಸಬೇಕಾದರೆ ಅವನು ನಿಂತ ಸ್ಥಳದ 1 ಮೀಟರ್ ಅಗಲವು ಚಿತ್ರದಲ್ಲಿ 250 ಚುಕ್ಕೆಗಳಾಗಿ ಮೂಡಬೇಕು. ಅಲ್ಲಿ ಯಾರೋ ಒಬ್ಬ ಮನುಷ್ಯನಿದ್ದಾನೆ ಎಂದಷ್ಟೇ ತಿಳಿಯಲು 25 ಚುಕ್ಕೆ ಸಾಕು. ಸಾಮಾನ್ಯ ಕ್ಯಾಮೆರಾದ ಚಿತ್ರ 1920 ಚುಕ್ಕೆ ಅಗಲವಿರುತ್ತದೆ. ಭಾಗಿಸಿ ನೋಡಿದರೆ, ಅದೇ ಕ್ಯಾಮೆರಾ ಸುಮಾರು 77 ಮೀಟರ್ ಅಗಲದ ಮೈದಾನದಲ್ಲಿ ಜನರಿರುವುದನ್ನು ಕಾಣಬಲ್ಲದು. ಮುಖವನ್ನು ಗುರುತಿಸಬೇಕಾದರೆ 8 ಮೀಟರಿಗಿಂತ ಕಡಿಮೆ ಅಗಲದ ಜಾಗವನ್ನು ಮಾತ್ರ ನೋಡಬಹುದು. ಹಾಗಾಗಿ ಕಣ್ಗಾವಲು ಬಯಸುವ ಆಡಳಿತವು ಬಯಲನ್ನು ನೋಡುತ್ತ ಕೂರುವುದಿಲ್ಲ. ಜನರನ್ನು ಕಿರಿದಾದ ಬಾಗಿಲಿನ ಮೂಲಕ ಹಾಯಿಸುತ್ತದೆ. ಮೆಟ್ಟಿಲು, ಸೇತುವೆಯ ಬಾಯಿ, ಬಂದರಿನ ಗೇಟು, ಪದರದಿಂದ ಪದರಕ್ಕೆ ಏರುವ ಲಿಫ್ಟು. ಇವೇ ನಗರದ ಕಣ್ಣುಗಳು. ನಕ್ಷೆಯಲ್ಲಿ ಹಿಂದೆ ಎಳೆದ ಬಾಣಗಳು ಗೆರೆಯನ್ನು ದಾಟುವ ಜಾಗಗಳಲ್ಲಿಯೇ ಇವನ್ನು ಇಡಬೇಕು.

ಮಳೆಗಾಲದಲ್ಲಿ ಈ ಕಣ್ಣುಗಳ ಗತಿಯೇನು ಎಂಬುದನ್ನು ಕರಾವಳಿಯ ಮಕ್ಕಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಬೀದಿಯೆಲ್ಲ ಕೊಡೆಯಾಗುತ್ತದೆ. ಮೇಲಿನಿಂದ ನೋಡುವ ಯಂತ್ರಕ್ಕೆ ಕಪ್ಪು ಬಟ್ಟೆಯ ಹೊರತು ಏನೂ ಕಾಣದು. ರಾತ್ರಿ ಕ್ಯಾಮೆರಾದ ಕಾಣದ ಬೆಳಕಿಗೆ ಹುಳುಗಳು ಮುತ್ತುತ್ತವೆ, ಹುಳುಗಳಿಗಾಗಿ ಜೇಡ ಬರುತ್ತದೆ, ಮಸೂರದ ಮುಂದೆ ಬಲೆ ನೇಯುತ್ತದೆ. ಉಪ್ಪುಗಾಳಿ ತಂತಿಗಳ ಕೂಡುಗಳನ್ನು ತಿನ್ನುತ್ತದೆ. ಕಲ್ಪನೆಯ ನಗರದಲ್ಲಿ ಕೊಡೆಗೆ ಪರವಾನಗಿ ಬೇಕೆಂಬ ಕಾನೂನು ಇದ್ದರೆ ಓದುಗನು ನಗುತ್ತಾನೆ, ಮರುಕ್ಷಣವೇ ಹೆದರುತ್ತಾನೆ. ಜೇಡರ ಬಲೆ ಒರೆಸುವ ಕೆಲಸ ಯಾವ ಪದರದವನದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಕ್ಯಾಮೆರಾ ಕಣ್ಗಾವಲಿನ ಅರ್ಧ ಮಾತ್ರ. ಉಳಿದರ್ಧ ದಫ್ತರ. ಪಣಜಿಯ ಬಳಿಯ ಮರ್ಸೆಸ್ ಕೂಡುರಸ್ತೆಯಲ್ಲಿ 2023ರಿಂದ ವಾಹನದ ನಂಬರನ್ನು ತಾನೇ ಓದಿ ದಂಡದ ಚೀಟಿ ಹೊರಡಿಸುವ ವ್ಯವಸ್ಥೆಯಿದೆ. ಅಲ್ಲಿ ಕ್ಯಾಮೆರಾ ಓದುವುದು ಅಂಕಿಯನ್ನು ಮಾತ್ರ. ಆ ಅಂಕಿಯ ಹಿಂದಿನ ಹೆಸರು, ವಿಳಾಸಗಳನ್ನು ಕೊಡುವುದು ಕಡತ. ಗೋವೆಯಲ್ಲಿ ಬಾಡಿಗೆಗೆ ಇರುವವರ ವಿವರಗಳನ್ನು ಮನೆಯೊಡೆಯರು ಪೊಲೀಸ್ ಠಾಣೆಗೆ ತುಂಬಿ ಕೊಡುವ ನಮೂನೆಯನ್ನು ಈ ಪತ್ರಿಕೆಯ ಬಹುತೇಕ ಕುಟುಂಬಗಳು ಬಲ್ಲವು. ಅದೂ ಕಣ್ಗಾವಲೇ, ವಿದ್ಯುತ್ತಿನ ಅಗತ್ಯವಿಲ್ಲದ ಕಣ್ಗಾವಲು.

2004ರ ಜೂನ್ ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಬೈನಾ ತೀರದ ನೂರಾರು ಗುಡಿಸಲುಗಳನ್ನು ಕೆಡವಲಾಯಿತು. 2015ರಲ್ಲಿ ಅದೇ ತೀರದಲ್ಲಿ ಮತ್ತೆ ಮನೆಗಳು ಉರುಳಿದವು. ಎರಡು ಬಾರಿಯೂ ನೆಲೆ ಕಳೆದುಕೊಂಡವರಲ್ಲಿ ಕನ್ನಡಿಗರು ಬಹಳ ಮಂದಿ. ಅಂಥ ದಿನ ಒಂದು ಕುಟುಂಬ ಮೊದಲು ಹೊರತರುವುದು ಪಾತ್ರೆಯನ್ನಲ್ಲ, ತಗಡಿನ ಪೆಟ್ಟಿಗೆಯಲ್ಲಿನ ಕಾಗದಗಳನ್ನು. ಪಡಿತರ ಚೀಟಿ, ಮತದಾರರ ಗುರುತು, ಮಗುವಿನ ಶಾಲಾ ದಾಖಲೆ. ಇಷ್ಟು ವರ್ಷ ಇಲ್ಲಿದ್ದೆವು ಎಂಬುದನ್ನು ಮುಖ ಸಾಬೀತು ಮಾಡದು, ಕಾಗದ ಮಾಡುತ್ತದೆ. ನಾಳಿನ ನಗರದ ವರ್ಗಭೇದದ ತಿರುಳು ಇಲ್ಲಿದೆ. ಮೇಲಿನ ಪದರದವನು ದಫ್ತರದಲ್ಲಿದ್ದಾನೆ, ಅವನನ್ನು ಯಾವ ಬಾಗಿಲೂ ನಿಲ್ಲಿಸಿ ನೋಡುವುದಿಲ್ಲ. ಕೆಳಗಿನವನನ್ನು ಪ್ರತಿ ಬಾಗಿಲೂ ನೋಡುತ್ತದೆ, ಆದರೆ ದಫ್ತರದಲ್ಲಿ ಅವನಿಲ್ಲ. ಬಂದರಿನ ಗೇಟಿನ ಯಂತ್ರ ಒಬ್ಬ ಹುಡುಗಿಯ ಮುಖವನ್ನು ಹತ್ತು ವರ್ಷಗಳಿಂದ ದಿನಕ್ಕೆರಡು ಬಾರಿ ಹಿಡಿದಿಟ್ಟಿದೆ. ಅವಳ ಮನೆ ಬಿದ್ದ ದಿನ ಅವಳು ಆ ಚಿತ್ರಗಳನ್ನೇ ವಾಸದ ಪುರಾವೆಯಾಗಿ ಕೇಳಲು ಹೋದರೆ ಕೊಡಲು ಅವಕಾಶವಿಲ್ಲ. ಕಥೆ ಅಲ್ಲಿಂದ ಆರಂಭವಾಗಬಹುದು.

ಇನ್ನು ಬೀದಿಯ ಮಾತು. ಆಂಥೊನಿ ಬರ್ಗೆಸ್ 1962ರ ತನ್ನ ಕಾದಂಬರಿಯೊಂದರಲ್ಲಿ ಹುಡುಗರ ಗುಂಪಿಗಾಗಿ ರಷ್ಯನ್ ಶಬ್ದಗಳನ್ನು ಇಂಗ್ಲಿಷಿನ ಬಾಯಿಗೆ ಬಗ್ಗಿಸಿ ಒಂದು ಆಡುನುಡಿಯನ್ನೇ ಕಟ್ಟಿದನು. ಬ್ಲೇಡ್ ರನ್ನರ್ ಚಿತ್ರದ ಬೀದಿಯಲ್ಲಿ ಜಪಾನಿ, ಜರ್ಮನ್, ಹಂಗೇರಿಯನ್ ಮಾತುಗಳು ಬೆರೆತಿವೆ. ಇಬ್ಬರೂ ಶಬ್ದಗಳನ್ನು ಗಾಳಿಯಿಂದ ಹಿಡಿಯಲಿಲ್ಲ. ಇದ್ದ ಭಾಷೆಗಳನ್ನು ಉಜ್ಜಿದರು. ಗೋವೆಯ ಬೀದಿ ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತಿದೆ. ಬಾಡಿಗೆಯ ಮೋಟಾರ್ ಸೈಕಲ್ ಓಡಿಸುವವನು ಇಲ್ಲಿ ಪೈಲಟ್, ಯಜಮಾನ ಪಾತ್ರಾಂವ್, ಬ್ರೆಡ್ ಮಾರುವವನು ಪೊದೇರ್. ಭವಿಷ್ಯದ ನಗರದಲ್ಲಿ ಹಾರುವ ಬಂಡಿ ಬಂದರೂ ಜನರು ಅದರವನನ್ನು ಪೈಲಟ್ ಎಂದೇ ಕರೆಯುವರು, ಆದರೆ ಚಾಲಕನಿಲ್ಲದ ಬಂಡಿಯ ಹಿಂದೆ ಓಡುತ್ತ ಸರಕು ಇಳಿಸುವ ಕೂಲಿಯನ್ನು ಹಾಗೆ ಕರೆದರೆ ಶಬ್ದ ಇನ್ನೂ ಹೆಚ್ಚು ಹೇಳುತ್ತದೆ.

ಕ್ಯಾಮೆರಾಕ್ಕೆ ಹೆಸರೇನು? ಕನ್ನಡದಲ್ಲಿ ದೃಷ್ಟಿ ತಾಗುತ್ತದೆ, ದೃಷ್ಟಿ ತೆಗೆಯುತ್ತಾರೆ. ಕೊಂಕಣಿಯಲ್ಲಿಯೂ ದಿಷ್ಟ್ ಎಂಬ ಅದೇ ನಂಬಿಕೆಯಿದೆ. ಹಾಗಾದರೆ ಗೇಟಿನ ಯಂತ್ರ ಒಬ್ಬನನ್ನು ತಪ್ಪಾಗಿ ಹಿಡಿದರೆ ಅವನಿಗೆ ದಿಷ್ಟ್ ಬಿತ್ತು. ದಾಖಲೆ ಅಳಿಸಿಕೊಡುವ ಮುದುಕಿ ದಿಷ್ಟ್ ತೆಗೆಯುವವಳು; ಮೆಣಸಿನಕಾಯಿ, ಉಪ್ಪಿನ ಬದಲು ಅವಳ ಕೈಯಲ್ಲಿ ಒಂದು ಹಳೆಯ ಫೋನು. ಇದನ್ನು ಕೇಳಿದ ಮೇಲಿನ ಪದರದವನು ಕಣ್ಣುಬೇನೆಯ ಮಾತೆಂದುಕೊಳ್ಳುತ್ತಾನೆ. ಶಬ್ದ ಸರಿಯಾಗಿದೆಯೇ ಎಂದು ತಿಳಿಯುವ ಬಗೆ ಸುಲಭ: ಅದನ್ನು ತೆಗೆದು ಕ್ಯಾಮೆರಾ ಎಂದು ಹಾಕಿ ಓದಬೇಕು. ಆಡಿದವನು ಯಾರೆಂಬುದು ಮರೆಯಾದರೆ ಶಬ್ದ ಉಳಿಯಲಿ, ಇಲ್ಲವಾದರೆ ಹೋಗಲಿ. ಹೊಸ ಶಬ್ದದ ಬೆನ್ನಿಗೇ ಅದರ ಅರ್ಥವನ್ನು ಬರೆಯುವುದು ಮಾತ್ರ ಕೂಡದು. ಮೂರು ಬಾರಿ ಬಳಸಿದರೆ ಓದುಗನಿಗೆ ತಾನೇ ತಿಳಿಯುತ್ತದೆ.

ಪದರಗಳ ನಡುವೆ ಬೈಗುಳವೂ ಓಡಾಡುತ್ತದೆ. ಘಟ್ಟದಿಂದ ಬಂದವರಿಗೆ ಗೋವೆಯಲ್ಲಿ ಘಾಂಟಿ ಎಂಬ ಹೆಸರಿದೆ, ಹೊರಗಿನವನಿಗೆ ಭಾಯ್ಲೊ ಎಂದು. ಶಾಲೆಯ ದಾರಿಯಲ್ಲಿ ಇವನ್ನು ಕೇಳದ ಮಗು ವಿರಳ. ನಗರವನ್ನು ಕಟ್ಟುವವನು ಇವನ್ನು ಬಿಟ್ಟುಬಿಟ್ಟರೆ ನಗರ ಹಿತವಾಗುತ್ತದೆ, ನಿಜವಾಗುವುದಿಲ್ಲ. ಆದರೆ ಬೈಗುಳಕ್ಕೂ ವಯಸ್ಸಾಗುತ್ತದೆ. 2090ರ ಹೊತ್ತಿಗೆ ಆ ಹುಡುಗಿಯ ಅಜ್ಜಿಯ ಅಜ್ಜಿಯೂ ಬೈನಾದಲ್ಲಿಯೇ ಹುಟ್ಟಿರುತ್ತಾಳೆ. ಅವರಲ್ಲಿ ಯಾರೂ ಘಟ್ಟವನ್ನು ಕಣ್ಣಾರೆ ಕಂಡಿರುವುದಿಲ್ಲ. ಆಗ ಘಾಂಟಿ ಎಂದರೆ ಯಾರು? ಕೆಳಗಿನ ಪದರದ ಎಲ್ಲರೂ, ಮನೆ ಕಳೆದುಕೊಂಡು ಕೆಳಗೆ ಇಳಿದ ಹಳೆಯ ಗೋವೆಯ ಮೀನುಗಾರನೂ ಸೇರಿ? ಅಥವಾ ಸಮುದ್ರ ಏರಿ ಮರಳು ಮುಳುಗಿದ ಮೇಲೆ ಮೊದಲ ಬಾರಿಗೆ ಗುಡ್ಡ ಹತ್ತಿದವರು? ಹುಡುಗಿ ಲಿಫ್ಟಿನ ಬಾಗಿಲಲ್ಲಿ ನಿಂತಿದ್ದಾಳೆ, ಕೊಡೆ ಮಡಿಸಲು ಯಂತ್ರ ಹೇಳುತ್ತಿದೆ, ಅವಳ ಹಿಂದಿನ ಮೀನುಗಾರ ಬೇಗ ನಡಿ ಘಾಂಟಿ ಎನ್ನುತ್ತಾನೆ. ಆ ದನಿಯಲ್ಲಿ ಸಿಟ್ಟಿದೆಯೇ ಸಲಿಗೆಯಿದೆಯೇ ಎಂಬುದನ್ನು ಬರೆಯುವವರು ತೀರ್ಮಾನಿಸಬೇಕು.