ಪಾಸ್‌ವರ್ಡ್ ಮರೆತಾಗ ಗೂಗಲ್‌ನಲ್ಲಿ ನಂಬರ್ ಹುಡುಕಬೇಡಿ

ಜಾಲಹಳ್ಳಿಯಲ್ಲಿ ಬಾಡಿಗೆಗಿದ್ದು ಪೀಣ್ಯದ ಕಾರ್ಖಾನೆಗೆ ಹೋಗುವ ನಮ್ಮ ಕಡೆಯ ಹುಡುಗನೊಬ್ಬ ಎಸ್‌ಬಿಐ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಮರೆತ. ಮೂರು ಸಲ ತಪ್ಪು ಒತ್ತಿದ, ಲಾಗಿನ್ ಲಾಕ್ ಆಯಿತು. ಬ್ಯಾಂಕ್ ತೆರೆದಿರುವ ಹೊತ್ತಿಗೆ ಅವನಿಗೆ ಶಿಫ್ಟ್. ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿದ. ಆ ಕಡೆಯವನು ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಲು ಹೇಳಿದಾಗ ಅನುಮಾನ ಬಂದು ಕಟ್ ಮಾಡಿದ.

ಈ ಕೆಲಸಕ್ಕೆ ಯಾರ ಸಹಾಯವೂ ಬೇಡ ಎಂಬುದು ನನ್ನ ವಾದ. ಲಾಕ್ ಆದರೆ ಮರುದಿನದವರೆಗೆ ಸುಮ್ಮನಿರಿ. ಬ್ಯಾಂಕಿನ ವಿಳಾಸವನ್ನು ನೀವೇ ಟೈಪ್ ಮಾಡಿ. ರಿಸರ್ವ್ ಬ್ಯಾಂಕ್ ಸೂಚನೆಯಂತೆ 2025ರ ಅಕ್ಟೋಬರ್ ಕೊನೆಯೊಳಗೆ ಬ್ಯಾಂಕುಗಳ ವಿಳಾಸ .bank.in ಎಂದು ಕೊನೆಗೊಳ್ಳಬೇಕಿತ್ತು, ಅದನ್ನು ನೋಡಿಕೊಳ್ಳಿ. ಪಾಸ್‌ವರ್ಡ್ ಮರೆತವರ ಆಯ್ಕೆ ಒತ್ತಿ ಯೂಸರ್‌ನೇಮ್, ಖಾತೆ ಸಂಖ್ಯೆ, ಹುಟ್ಟಿದ ದಿನ, ಮೊಬೈಲ್ ನಂಬರ್ ತುಂಬಿ. ಯೂಸರ್‌ನೇಮೂ ಮರೆತಿದ್ದರೆ ಅದಕ್ಕೆ ಬೇರೆ ಆಯ್ಕೆ ಇದೆ. ಪಾಸ್‌ಬುಕ್ಕಿನಲ್ಲಿರುವ ಸಿಐಎಫ್ ಸಂಖ್ಯೆ ಬೇಕು. ಒಟಿಪಿ ಹಾಕಿದ ಮೇಲೆ ಎಟಿಎಂ ಕಾರ್ಡಿನ ದಾರಿ ಆರಿಸಿ. ಹುಡುಗ ಹೀಗೆಯೇ ಹೊಸ ಪಾಸ್‌ವರ್ಡ್ ಇಟ್ಟ.

ಒಟಿಪಿ ಸಂದೇಶವನ್ನು ಪೂರ್ತಿ ಓದಿ. ಪಾಸ್‌ವರ್ಡ್ ಬದಲು ಹಣ ಕಳಿಸುವ ಮಾತಿದ್ದರೆ ಅಲ್ಲೇ ನಿಲ್ಲಿಸಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಖಾತೆಗೆ ಕೊಟ್ಟ ಸಿಮ್ ಬಂದ್ ಆಗಿದ್ದರೆ ಒಟಿಪಿ ಬಾರದು. ಕಾರ್ಡೂ ಪ್ರೊಫೈಲ್ ಪಾಸ್‌ವರ್ಡೂ ಇಲ್ಲದಿದ್ದರೆ ಶಾಖೆಗೇ ಹೋಗಬೇಕು. ಹಾಗಾಗಿ ಹಳೇ ಸಿಮ್ ಬಿಡುವ ಮೊದಲು ಬ್ಯಾಂಕಿನಲ್ಲಿ ನಂಬರ್ ಬದಲಿಸಿ.